ರೆಸ್ಟ್ ಅಂದರೆ ಮಲಗುವುದಲ್ಲ

ಪರೀಕ್ಷೆಯ ದಿನ ಬೆಳಿಗ್ಗೆ ಏಳೂ ನಲವತ್ತಕ್ಕೆ ನಾನು ಆ ಕೊನೆಯ ಹಾಳೆಯನ್ನು ತಿರುವಿದೆ. ಹಿಂದಿನ ದಿನವೇ ತಿರುವಬೇಕಾಗಿತ್ತು.

ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಮಲಗುವ ಹಾಸ್ಟೆಲಿನಲ್ಲಿ. ಆಮೇಲೆ ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಾ ವಯಸ್ಸಾಯಿತು. ನಿವೃತ್ತಳಾಗಿ ಕೊಳ್ಳೇಗಾಲದಲ್ಲೇ ಉಳಿದೆ. ಐದಕ್ಕೆ ಏಳುವುದು, ಒಂಬತ್ತಕ್ಕೆ ದೀಪ ಆರಿಸುವುದು ಇವತ್ತಿಗೂ ತಪ್ಪಿಲ್ಲ. ಹಿಂದಿನ ಸಂಜೆ ಏಳೂವರೆಗೆ, ಅವಳು ಅಭ್ಯಾಸಕ್ಕೆಂದು ಬರೆದುಕೊಟ್ಟಿದ್ದ ಉತ್ತರ ಪತ್ರಿಕೆ ಹಿಡಿದು ಕೂತೆ. ಒಂಬತ್ತಾಗುವಾಗ ಒಂದು ಹಾಳೆ ಉಳಿದಿತ್ತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಬರೆದಿದ್ದಳು. ನಾಳೆ ನೋಡಿದರಾಯಿತು ಎಂದು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ. ಬೆಳಿಗ್ಗೆ ವಾಕಿಂಗ್, ಸ್ನಾನ, ಪೂಜೆ, ತಿಂಡಿ ಎಲ್ಲ ತಂತಮ್ಮ ಹೊತ್ತಿಗೆ ಮುಗಿದ ಮೇಲೆ ಹಾಳೆಯ ಸರದಿ ಬಂತು.

ಅವಳು ಎಂದರೆ ನನ್ನ ಒಬ್ಬಳೇ ವಿದ್ಯಾರ್ಥಿನಿ. ಇದೇ ಊರಿನ ರೇಷ್ಮೆ ಮಗ್ಗದವರ ಮನೆಯ ಹುಡುಗಿ, ಹನೂರಿಗೆ ಮದುವೆ ಮಾಡಿಕೊಟ್ಟಿದ್ದರು. ಮೂವತ್ತು ದಾಟಿದೆ, ಇಬ್ಬರು ಮಕ್ಕಳು. ಯಳಂದೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಬಿ.ಎಸ್ಸಿ.ಯಲ್ಲಿ ಮದುವೆಯ ಗಲಾಟೆಯ ನಡುವೆ ಒಂದು ಗಣಿತದ ಪೇಪರ್ ಉಳಿದುಹೋಗಿತ್ತು. ಆ ಒಂದು ಪೇಪರಿಗಾಗಿ ಡಿಗ್ರಿ ಕೈಗೆ ಬಂದಿರಲಿಲ್ಲ. ಸ್ಕೂಲಿನವರು ಇಷ್ಟು ವರ್ಷ ಸುಮ್ಮನಿದ್ದವರು ಈ ಸಲ ಹೇಳಿಬಿಟ್ಟಿದ್ದರು: ಮುಂದಿನ ವರ್ಷದ ಸ್ಕೂಲು ಶುರುವಾಗುವ ಹೊತ್ತಿಗೆ ಸರ್ಟಿಫಿಕೇಟ್ ತಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ. ಹಳೆಯ ಸಿಲಬಸ್ಸಿನವರಿಗೆ ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಅವಕಾಶವೂ ಇದೇ. ಇದು ಹೋದರೆ ಮೂರು ವರ್ಷ ಓದಿದ್ದೇ ಹೋದಂತೆ.

ಸಂಜೆ ಯಳಂದೂರಿನಿಂದ ಬಂದು ನನ್ನ ಮನೆಯಲ್ಲಿ ಒಂದು ಗಂಟೆ ಕೂತು, ಆಮೇಲೆ ಹನೂರಿನ ಬಸ್ಸು ಹಿಡಿಯುತ್ತಿದ್ದಳು. ಆ ಪೇಪರಿನಲ್ಲಿ ಅವಳನ್ನು ಹೆದರಿಸುತ್ತಿದ್ದದ್ದು ಒಂದೇ ಪಾಠ, ತಂತಿಯ ತರಂಗ ಸಮೀಕರಣ. ಎರಡೂ ತುದಿ ಬಿಗಿದ ತಂತಿಯನ್ನು ಎಳೆದು ಬಿಟ್ಟರೆ ಯಾವ ಕ್ಷಣದಲ್ಲಿ ಯಾವ ಬಿಂದು ಎಷ್ಟು ಎತ್ತರದಲ್ಲಿರುತ್ತದೆ ಎಂದು ಕಂಡುಹಿಡಿಯುವುದು. ಅತಿ ಹೆಚ್ಚು ಅಂಕದ ಪ್ರಶ್ನೆ ಪ್ರತಿ ವರ್ಷ ಅಲ್ಲಿಂದಲೇ ಬರುತ್ತದೆ. ಅದನ್ನು ಬಿಟ್ಟರೆ ಅವಳು ಪಾಸಾಗುವ ಹಾಗಿರಲಿಲ್ಲ.

ನಾನು ಅದನ್ನು ಹನ್ನೊಂದು ಹಂತ ಮಾಡಿ ಕಲಿಸುತ್ತೇನೆ. ಎತ್ತರವನ್ನು ಎರಡು ತುಂಡು ಮಾಡು: ಒಂದು ತಂತಿಯ ಮೇಲಿನ ಜಾಗವನ್ನು ಮಾತ್ರ ನೋಡುವುದು, ಇನ್ನೊಂದು ಕಾಲವನ್ನು ಮಾತ್ರ ನೋಡುವುದು. ಎರಡರ ಗುಣಲಬ್ಧವೇ ಉತ್ತರ ಎಂದಿಟ್ಟುಕೋ. ಸಮೀಕರಣಕ್ಕೆ ಹಾಕಿ, ಜಾಗದ್ದನ್ನೆಲ್ಲ ಎಡಕ್ಕೆ, ಕಾಲದ್ದನ್ನೆಲ್ಲ ಬಲಕ್ಕೆ ತಾ. ಎಡಗಡೆಗೆ ಕಾಲದ ಗೊಡವೆಯಿಲ್ಲ, ಬಲಗಡೆಗೆ ಜಾಗದ ಗೊಡವೆಯಿಲ್ಲ, ಆದರೂ ಎರಡೂ ಸದಾ ಸಮ. ಹಾಗಿರಬೇಕಾದರೆ ಎರಡೂ ಒಂದೇ ಸ್ಥಿರಾಂಕವಾಗಿರಲೇಬೇಕು. ಆ ಸ್ಥಿರಾಂಕ ಧನವೋ, ಸೊನ್ನೆಯೋ, ಋಣವೋ, ಮೂರನ್ನೂ ಬರೆದು ನೋಡು.

"ಧನ ಯಾಕೆ ಆಗಲ್ಲ ಮೇಡಂ?" ಎಂದು ಒಂದು ದಿನ ಕೇಳಿದಳು. "ಕಾಲೇಜಲ್ಲಿ ಬರೀ ಆಗಲ್ಲ ಅಂತ ಬರ್ಸಿದ್ರು."

"ಯಾರು ಬರೆಸಿದ್ದು?"

ಅವಳು ತಲೆ ತಗ್ಗಿಸಿ ನಕ್ಕಳು. ಬರೆಸಿದವಳು ನಾನೇ.

ಸರಿ, ಕೂತು ಮಾಡಿದೆವು. ಧನವಾದರೆ ಘಾತೀಯ ಪದಗಳು ಬರುತ್ತವೆ. ಒಂದು ತುದಿಯಲ್ಲಿ ಸೊನ್ನೆಯಾದದ್ದು ಏರುತ್ತಲೋ ಇಳಿಯುತ್ತಲೋ ಹೋಗುತ್ತದೆಯೇ ಹೊರತು ಇನ್ನೊಂದು ತುದಿಯಲ್ಲಿ ಮತ್ತೆ ಸೊನ್ನೆಗೆ ಬರುವುದಿಲ್ಲ. ಬಲವಂತವಾಗಿ ಬರಿಸಿದರೆ ಎರಡು ಗುಣಕಗಳೂ ಸೊನ್ನೆಯಾಗುತ್ತವೆ. ಸ್ಥಿರಾಂಕವೇ ಸೊನ್ನೆಯಾದರೆ ಸಿಗುವುದು ನೇರ ಗೆರೆ. ಅದಕ್ಕೂ ಅದೇ ಗತಿ.

"ಅಂದ್ರೆ ಆಗಲ್ಲ ಅಂತಲ್ಲ," ಎಂದಳು ನಿಧಾನವಾಗಿ. "ತಂತಿ ಅಲ್ಲಾಡ್ದೇ ಬಿದ್ದಿರ್ತದೆ ಅಷ್ಟೇ."

ಅದೇ ಸರಿಯಾದ ಮಾತು. ಋಣವಾದಾಗ ಮಾತ್ರ ಸೈನು, ಕೊಸೈನು ಬಂದು ಹಾವಿನ ಹಾಗೆ ಏರಿ ಇಳಿದು ಎರಡೂ ತುದಿಯಲ್ಲಿ ಸೊನ್ನೆ ಮುಟ್ಟುತ್ತದೆ. ಮೊದಲ ತುದಿ ಕೊಸೈನನ್ನು ಹೊಡೆದುಹಾಕುತ್ತದೆ. ಎರಡನೇ ತುದಿ, ಉದ್ದದಲ್ಲಿ ಅರ್ಧ ಅಲೆಗಳು ಒಂದೋ ಎರಡೋ ಮೂರೋ, ಒಟ್ಟಿನಲ್ಲಿ ಪೂರ್ಣಸಂಖ್ಯೆಯಲ್ಲೇ ಕೂರಬೇಕು ಎನ್ನುತ್ತದೆ. ಆಮೇಲೆ ಆ ಎಲ್ಲ ಅಲೆಗಳನ್ನೂ ಕೂಡಿಸು. ಹನ್ನೊಂದು ಹಂತವೂ ಅವಳಿಗೆ ಬಂದುಬಿಟ್ಟಿತು. ನನಗೆ ನೆಮ್ಮದಿಯಾಗಿತ್ತು.

ಈಗ ಆ ಕೊನೆಯ ಹಾಳೆ. ಪ್ರಶ್ನೆಯನ್ನು ನಾನೇ ಹಳೆಯ ಪತ್ರಿಕೆಯಿಂದ ಇಂಗ್ಲಿಷಿನಲ್ಲಿ ಇದ್ದ ಹಾಗೇ ಬರೆದುಕೊಟ್ಟಿದ್ದೆ. ಬಿಗಿಯಾಗಿ ಎಳೆದು ಎರಡೂ ತುದಿ ಕಟ್ಟಿದ ತಂತಿಗೆ ಮೊದಲು ಸೈನ್ ಘನದ ಆಕಾರವಿದೆ, ಅದನ್ನು 'ಫ್ರಮ್ ರೆಸ್ಟ್' ಬಿಟ್ಟರೆ ಮುಂದೇನು ಎಂದು. ಅವಳು ಮೊದಲ ಸಾಲಿನಲ್ಲೇ ಹೀಗೆ ಬರೆದಿದ್ದಳು: ತಂತಿ ರೆಸ್ಟಿನಲ್ಲಿದೆ, ಆದ್ದರಿಂದ ಕಾಲ ಸೊನ್ನೆಯಾದಾಗ ಎತ್ತರ ಸೊನ್ನೆ.

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆ ಸಾಲನ್ನು ಮತ್ತೆ ಓದಿದಾಗ ಹೊಳೆಯಿತು. ನಮ್ಮ ಕಡೆ ರೆಸ್ಟ್ ಎಂದರೆ ಮಲಗುವುದು. ಜ್ವರ ಬಂದವರಿಗೆ ಡಾಕ್ಟರು ಹೇಳುವುದು, ಬಾಣಂತಿಗೆ ಅತ್ತೆ ಹೇಳುವುದು. ಅವಳ ಲೆಕ್ಕದಲ್ಲಿ ತಂತಿ ಚಾಪೆಯ ಮೇಲೆ ಕಾಲು ಚಾಚಿ ಮಲಗಿತ್ತು! ಮಲಗಿದ ತಂತಿಗೆ ಎತ್ತರವೆಲ್ಲಿಯದು? ಹಾಗಾಗಿ ಕೊಟ್ಟ ಆಕಾರವನ್ನು ತಂತಿಗೆ ಕೊಟ್ಟ ವೇಗ ಎಂದು ತಿಳಿದಿದ್ದಳು. ಕಾಲದ ಭಾಗದಲ್ಲಿ ಉಳಿಸಿಕೊಳ್ಳಬೇಕಾದ ಕೊಸೈನನ್ನು ಹೊಡೆದುಹಾಕಿ, ತೆಗೆಯಬೇಕಾದ ಸೈನನ್ನು ಉಳಿಸಿಕೊಂಡಿದ್ದಳು. ಅಲ್ಲಿಂದ ಮುಂದೆ ಹನ್ನೊಂದನೇ ಹಂತದವರೆಗೆ ಒಂದು ಗೀಟೂ ತಪ್ಪಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಇಡೀ ಉತ್ತರ ತಪ್ಪು.

ತಪ್ಪು ಅವಳದಲ್ಲ. ಇಷ್ಟು ದಿನ ನಾನು ಬೋರ್ಡಿನ ಮೇಲೆ ಷರತ್ತುಗಳನ್ನು ಚಿಹ್ನೆಗಳಲ್ಲೇ ಬರೆದು ಕೊಡುತ್ತಿದ್ದೆ. ಇಂಗ್ಲಿಷ್ ವಾಕ್ಯ ಓದಿ ತಾನೇ ಷರತ್ತು ಬರೆಯುವ ಕೆಲಸ ಅವಳಿಗೆ ಬಂದಿರಲೇ ಇಲ್ಲ. ಎಲ್ಲ ಕಷ್ಟದ ಪದಗಳಿಗೂ ಪಕ್ಕದಲ್ಲಿ ಕನ್ನಡ ಬರೆಸಿದ್ದೆ. ರೆಸ್ಟ್‌ಗೆ ಬರೆಸಿರಲಿಲ್ಲ. ಅದು ಯಾರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಫೋನ್ ಮಾಡಿದೆ. ಎತ್ತಿದ್ದು ಅವಳ ಅತ್ತೆ.

"ಫೋನು ಮನೇಲೇ ಬುಟ್ಟೋದ್ಲು ಮೇಡಮ್ಮೋರೇ. ಏಳು ಗಂಟೆ ಬಸ್ಗೆ."

"ಯಾಕಮ್ಮ ಬಿಟ್ಟು ಹೋದಳು?"

"ನೀವೇ ಏಳಿದ್ರಂತಲ್ಲ, ಪರೀಕ್ಷೆ ದಿವ್ಸ ಫೋನ್ ಮುಟ್ಬೇಡ ಅಂತ. ನಮ್ಮ ಮಾತ ಕೇಳಳು, ನಿಮ್ಮ ಮಾತ ಮಾತ್ರ ಕೇಳ್ತಳೆ."

ಹೌದು, ಅದೂ ನನ್ನದೇ ನಿಯಮ.

ಏಳರ ಬಸ್ಸು ಎಂಟರ ಹೊತ್ತಿಗೆ ಕೊಳ್ಳೇಗಾಲಕ್ಕೆ ಬರುತ್ತದೆ. ಅವಳು ಅಲ್ಲಿಳಿದು ಯಳಂದೂರಿನ ಬಸ್ಸು ಹತ್ತಬೇಕು. ಪರೀಕ್ಷೆಯ ಕೇಂದ್ರ ಅಲ್ಲಿ. ನಾನು ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಬೀದಿಯ ತುದಿಯಲ್ಲಿ ಆಟೋ ಇರಲಿಲ್ಲ. ನಡೆದೆ. ಸ್ವಲ್ಪ ದೂರ ಹೋದ ಮೇಲೆ ಓಡುತ್ತಿದ್ದೇನೆ ಎಂದು ಗೊತ್ತಾಯಿತು. ಮಗ್ಗದ ಮನೆಗಳ ಜಗುಲಿಯಲ್ಲಿ ಕೂತವರು ಎದ್ದು ನಿಂತು ನೋಡಿದರು. ನಾನು ಓಡಿದ್ದನ್ನು ಈ ಊರು ಯಾವತ್ತೂ ಕಂಡಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಹೋದಾಗ ಯಳಂದೂರಿನ ಬಸ್ಸು ಹಿಂದೆ ತೆಗೆದು ಹೊರಡುತ್ತಿತ್ತು. ಕಿಟಕಿಯ ಪಕ್ಕ ಅವಳ ಮುಖ ಕಂಡಿತು. ನೋಟ್ಸ್ ಮಡಿಲಲ್ಲಿ, ತುಟಿ ಅಲುಗಾಡುತ್ತಿತ್ತು. ಹಂತಗಳನ್ನು ಹೇಳಿಕೊಳ್ಳುತ್ತಿದ್ದಳು.

"ಲೇ! ರೆಸ್ಟ್ ಅಂದ್ರೆ ಮಲಗೋದಲ್ಲ ಕಣೇ! ವೇಗ ಸೊನ್ನೆ! ರೆಸ್ಟ್ ಅಂದ್ರೆ ವೇಗ ಸೊನ್ನೆ!"

ಡ್ರೈವರ್ ಅದೇ ಹೊತ್ತಿಗೆ ಉದ್ದಕ್ಕೆ ಹಾರ್ನ್ ಒತ್ತಿದ. ಅವಳು ತಿರುಗಿ ನೋಡಿ, ಕಣ್ಣರಳಿಸಿ, ಎದೆಗೆ ಕೈಮುಗಿದು, ತಲೆ ಆಡಿಸಿ ನಕ್ಕಳು. ಬಸ್ಸು ಹೋಯಿತು.

ಮಾತು ತಲುಪಿತು ಎಂದುಕೊಂಡು ಕಂಬ ಹಿಡಿದು ನಿಂತೆ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಗಳಾ ಮೇಡಮ್ಮೋರೆ?"

"ಸ್ಟೂಡೆಂಟು."

"ರೆಸ್ಟ್ ತಕ ಅಂತ ಏಳಕ್ಕಾ ಇಂಗೆ ಓಡ್ಬಂದ್ರಿ? ನಿಮ್ಗೇ ರೆಸ್ಟ್ ಬೇಕು, ಕೂತ್ಕಳಿ. ನೀರು ಕೊಡ್ಲಾ?"

"ರೆಸ್ಟ್ ತಗೋ ಅಂದೆನಾ ನಾನು?"

"ನಂಗೆ ಅಂಗೇ ಕೇಳುಸ್ತು ಕಣ್ರಿ. ರೆಸ್ಟು, ರೆಸ್ಟು ಅಂತ."

ನಾಲ್ಕು ಹೆಜ್ಜೆ ದೂರದಲ್ಲಿ ಕೂತವಳಿಗೆ ಹಾಗೆ ಕೇಳಿದರೆ ಹಾರ್ನಿನ ಆಚೆಗಿದ್ದವಳಿಗೆ ಇನ್ನೇನು ಕೇಳಿಸಿರುತ್ತದೆ? ಮೇಡಂ ಅಷ್ಟು ದೂರದಿಂದ ಓಡಿ ಬಂದು ಗಾಬರಿಯಾಗಬೇಡ, ಆರಾಮಾಗಿರು ಎಂದರು ಎಂದೇ ಕೈಮುಗಿದಿರಬೇಕು. ಹೇಳದೆ ಇದ್ದಿದ್ದರೇ ವಾಸಿಯಾಗಿತ್ತೋ ಏನೋ. ಈಗ ಆ ಪದವನ್ನೇ ಹರಸಿ ಕಳಿಸಿದಂತಾಯಿತು.

ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಹತ್ತಿದ ಮೇಲೆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಸಿಕ್ಕಿತು. ಎರಡು ಟ್ರೇಲರ್ ಹೊತ್ತು ರಸ್ತೆಯ ನಡುವೆ ತೆವಳುತ್ತಿತ್ತು. ಎಡಕ್ಕೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ಇದ್ದಲ್ಲೇ ಇತ್ತು. ನಾನು ಎಷ್ಟು ಸಲ ಗಡಿಯಾರ ನೋಡಿದೆನೆಂದರೆ ಕಂಡಕ್ಟರು ಬಂದು, "ಅಮ್ಮಾ, ಆಸ್ಪತ್ರೆಗಾ? ಆಸ್ಪತ್ರೆ ಹತ್ರಾನೇ ನಿಲ್ಲುಸ್ತೀನಿ ಬುಡಿ" ಎಂದ. ಅಲ್ಲಪ್ಪ, ಪರೀಕ್ಷೆ ಎಂದೆ. ಅವನು ನನ್ನ ನರೆಗೂದಲನ್ನು ನೋಡಿ ಮುಂದೆ ಹೋದ.

ಕಾಲೇಜಿನ ಗೇಟಿಗೆ ಬಂದಾಗ ಹತ್ತಕ್ಕೆ ಹನ್ನೆರಡು ನಿಮಿಷ. ಪರೀಕ್ಷೆ ಬರೆಯುವವರೆಲ್ಲ ಒಳಗೆ. ಗೇಟಿನವನು ಬಿಡಲಿಲ್ಲ. ಅಷ್ಟರಲ್ಲಿ ಪರೀಕ್ಷೆಯ ಮುಖ್ಯಸ್ಥರಾಗಿದ್ದ ಅಧ್ಯಾಪಕರು ಹೊರಗೆ ಬಂದವರು ನನ್ನನ್ನು ನೋಡಿ ಕೈಮುಗಿದರು. ಒಂದು ಕಾಲದಲ್ಲಿ ನನ್ನ ಕ್ಲಾಸಿನಲ್ಲಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ.

"ಮೇಡಂ! ನೀವಿಲ್ಲಿ? ಬನ್ನಿ, ಒಳಗೆ ಬನ್ನಿ."

ಅವನಿಗೆ ಎರಡೇ ಮಾತಿನಲ್ಲಿ ಹೇಳಿದೆ. ಒಬ್ಬಳು ಒಂದು ಪದವನ್ನು ತಪ್ಪು ತಿಳಿದಿದ್ದಾಳೆ. ಅದು ನನ್ನ ತಪ್ಪು.

"ಅಷ್ಟೇನಾ? ಪೇಪರ್ ಇನ್ನೂ ಕೊಟ್ಟಿಲ್ಲ. ಒಂದ್ನಿಮಿಷ ಕರೆಸ್ತೀನಿ, ಹೇಳ್ಬಿಡಿ."

"ಹಾಲ್‌ಗೆ ಹೋಗಿ ಕೂತಾಯ್ತಲ್ಲ?"

"ಕೂತವ್ಳೆ. ಪೇಪರ್ ಕೊಟ್ಟಿಲ್ಲವಲ್ಲ ಮೇಡಂ."

"ಬೇರೆಯವರ ಮೇಷ್ಟ್ರು ಬಂದರೂ ಕರೆಸುತ್ತೀಯಾ?"

ಅವನು ನಕ್ಕು, "ಐಡಿ ಕಾರ್ಡ್ ಮರ್ತು ಬಂದೆ ಅಂತ ನನ್ನನ್ನ ಇಪ್ಪತ್ತು ನಿಮಿಷ ಆಚೆ ನಿಲ್ಸಿದ್ರಿ ನೀವು. ಈಗ್ಲೂ ಬದಲಾಗಿಲ್ವಲ್ಲ" ಎಂದ.

ಬೇಡ ಎಂದೆ. ಹಾಗೆ ಅಂದದ್ದು ನಾನೇ, ಆದರೆ ಬಾಯಿಂದ ಬಿದ್ದ ಕ್ಷಣದಿಂದಲೇ ಭಯ ಶುರುವಾಯಿತು. ನನ್ನ ನಿಯಮಕ್ಕೆ ಬೆಲೆ ತೆರುವವಳು ನಾನಲ್ಲ. ಅವಳ ಕೆಲಸ, ಅವಳ ಡಿಗ್ರಿ. ಅವಳ ಅತ್ತೆಯ ಎದುರು ಅವಳು ಎದೆಯೆತ್ತಿ ನಿಲ್ಲುವುದು ಆ ಟೀಚರ್ ಕೆಲಸದಿಂದ. ಅವನು ತಿರುಗಿ ಹೋಗುತ್ತಿದ್ದಾಗ ಎರಡು ಸಲ ಕರೆಯಲು ಬಾಯಿ ತೆರೆದೆ. ಗಂಟೆ ಹೊಡೆಯಿತು. ಆ ಗಂಟೆಯ ಸದ್ದಿಗೆ ಇಷ್ಟು ಹೆದರಿದ್ದು ಹಾಸ್ಟೆಲಿನ ಮೊದಲ ದಿನ ಬಿಟ್ಟರೆ ಅವತ್ತೇ.

ಮೂರು ಗಂಟೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ತಲೆಯೊಳಗೆ ಆ ಲೆಕ್ಕವನ್ನು ಎರಡೂ ಥರ ಮಾಡುತ್ತಾ ಹೋದೆ. ಸರಿಯಾಗಿ ಮಾಡಿದರೆ ಎಷ್ಟು ಸುಲಭ! ಸೈನ್ ಘನವನ್ನು ಬಿಡಿಸಿದರೆ ಮೊದಲನೇ ಅಲೆಯ ಮುಕ್ಕಾಲು, ಅದರಲ್ಲಿ ಮೂರನೇ ಅಲೆಯ ಕಾಲನ್ನು ಕಳೆ. ಎರಡೇ ಪದ. ಒಂದೊಂದಕ್ಕೂ ಅದರದರ ಕೊಸೈನು ಕಾಲದ ಜೊತೆ ಸೇರಿಸಿದರೆ ಮುಗಿಯಿತು. ತಪ್ಪಾಗಿ ಮಾಡಿದರೂ ಎರಡೇ ಪದ ಬರುತ್ತದೆ, ನೋಡಲು ಅಷ್ಟೇ ಚೆನ್ನಾಗಿ ಕಾಣುತ್ತದೆ. ಬರೆದವಳಿಗೆ ಅನುಮಾನವೇ ಬರುವುದಿಲ್ಲ. ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಆ ಪ್ರಶ್ನೆ ಬರದಿರಲಿ ಎಂದು ಬೇಡಿಕೊಂಡೆ. ಅದು ಬರದಿದ್ದರೆ ಅವಳು ಪಾಸಾಗುವುದು ಹೇಗೆ ಎಂದು ಮರುಕ್ಷಣ ಬೇಡಿಕೆಯನ್ನು ಹಿಂದೆ ತೆಗೆದುಕೊಂಡೆ.

ಒಂದು ಗಂಟೆಗೆ ಅವಳು ಬಂದಳು. ಬೆರಳಿಗೆಲ್ಲ ನೀಲಿ ಇಂಕು.

"ಮೇಡಂ! ನೀವ್ಯಾಕೆ ಇಲ್ಲಿಗಂಟ ಬಂದ್ರಿ?"

"ತಂತಿ ಬಂತಾ?"

"ಬಂತು. ಅದೇ ಸೈನ್ ಕ್ಯೂಬು."

"ರೆಸ್ಟ್‌ಗೆ ಏನು ಬರೆದೆ?"

ಅವಳು ನನ್ನ ಮುಖವನ್ನೇ ನೋಡಿದಳು. "ಮೊದ್ಲು ಎತ್ತರ ಸೊನ್ನೆ ಅಂತ ಬರ್ದೆ ಮೇಡಂ. ಅರ್ಧ ಪುಟ ಆಯ್ತು."

ನಾನು ಬೆಂಚು ಹಿಡಿದುಕೊಂಡೆ.

"ಆಮೇಲೆ ಆ ಪದ ಮತ್ತೆ ಕಣ್ಣಿಗೆ ಬಿತ್ತು. ಬೆಳಿಗ್ಗೆ ನೀವು ಅರಚಿದ್ದು ರೆಸ್ಟು, ರೆಸ್ಟು ಅಂತ್ಲೇ ಕೇಳ್ಸಿತ್ತು. ರೆಸ್ಟ್ ತಗೋ ಅಂದ್ರು ಅನ್ಕಂಡಿದ್ದೆ. ಆಮೇಲೆ ಯೋಚ್ನೆ ಮಾಡ್ದೆ, ನೀವು ಹುಟ್ಟಿದಾಗಿಂದ ಯಾರಿಗಾದ್ರೂ ರೆಸ್ಟ್ ತಗೋ ಅಂದಿದ್ದೀರಾ? ನಂಗೆ ಜ್ವರ ಬಂದಾಗ್ಲೇ ಹೋಮ್‌ವರ್ಕ್ ಕೇಳಿದೋರು. ಇದ್ರಲ್ಲೇನೋ ಐತೆ ಅಂತ ಪೆನ್ನು ಕೆಳಗಿಟ್ಟೆ."

"ಆಮೇಲೆ?"

"ಪ್ರಶ್ನೇನ ಮೂರು ಸಲ ಓದ್ದೆ. ತಂತಿಗೆ ಆಗ್ಲೇ ಒಂದು ಆಕಾರ ಕೊಟ್ಟವ್ರೆ. ಆಕಾರ ಇದ್ಮೇಲೆ ಚಪ್ಪಟೆ ಹೆಂಗಿರ್ತದೆ? ನಮ್ಮಪ್ಪ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರೋ ಹಾಸಿನ ಎಳೇನ ಬೆರಳಲ್ಲಿ ಎತ್ತಿ ಹಿಡೀತಾರಲ್ಲ, ಬಿಗಿ ನೋಡಕ್ಕೆ. ಬಿಡೋಗಂಟ ಎಳೆ ಮೇಲೇ ಇರ್ತದೆ, ಆದ್ರೆ ಅಲ್ಲಾಡಲ್ಲ. ಅದೇ ರೆಸ್ಟು ಅನ್ನುಸ್ತು. ಅರ್ಧ ಪುಟ ಗೀಟು ಹಾಕಿ ವೇಗ ಸೊನ್ನೆ ಅಂತ ಬರ್ದೆ."

ನಾನು ಅವಳಿಗೆ ಕೊನೆಯ ಹಾಳೆಯ ವಿಷಯ ಹೇಳಿದೆ. ಒಂಬತ್ತು ಗಂಟೆಯಾಯಿತೆಂದು ನೋಡದೆ ಮಲಗಿದೆ ಎಂದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

"ಅದಕ್ಕಾ ಓಡ್ಬಂದಿದ್ದು?" ಎಂದು ಅವಳು ಜೋರಾಗಿ ನಕ್ಕಳು. "ನಾನು ಬಸ್ಸಲ್ಲಿ ಪಕ್ಕದೋರಿಗೆ ಹೇಳ್ದೆ ಮೇಡಂ, ನಮ್ಮ ಮೇಡಂಗೆ ವಯಸ್ಸಾಯ್ತು, ಪಾಪ, ಅಂತ."

ನನಗೆ ನಗು ಬರಲಿಲ್ಲ. ಎರಡನೇ ಪದಕ್ಕೆ ಮೈನಸ್ ಹಾಕಿದೆಯಾ ಎಂದು ಕೇಳಿದೆ. ಅವಳ ನಗು ನಿಂತಿತು. ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿದಳು. ಗೀಟು ಹಾಕಿದ ಮೇಲೆ ಹೊತ್ತು ಸಾಲದೆ ಕೊನೆಗೆ ಓಡುತ್ತಾ ಬರೆದಿದ್ದಳಂತೆ. ನೆನಪಿಲ್ಲ ಎಂದಳು. ಕೊಳ್ಳೇಗಾಲದವರೆಗೂ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಆ ಮೈನಸ್ಸನ್ನು ಹುಡುಕಿದೆವು. ಸಿಗಲಿಲ್ಲ. ನಾನು ಒಂದು ಚಿಹ್ನೆಗೆ ಎಷ್ಟು ಅಂಕ ಕಳೆಯುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಹೇಳಲಿಲ್ಲ.

ಫಲಿತಾಂಶ ಬರುವವರೆಗೆ ಬೆಳಿಗ್ಗೆ ಫೋನ್ ರಿಂಗಾದರೆ ಪೂಜೆಯ ನಡುವೆಯೇ ಎದ್ದು ಹೋಗಿ ಎತ್ತುತ್ತಿದ್ದೆ. ಅದು ಬಂದದ್ದು ಒಂದು ಮಧ್ಯಾಹ್ನ, ಸ್ಕೂಲಿನ ಸ್ಟಾಫ್ ರೂಮಿನಿಂದ.

"ಆಯ್ತು ಮೇಡಂ," ಎಂದಳು.

"ಏನಾಯ್ತು? ಸರಿಯಾಗಿ ಹೇಳು."

"ಪಾಸು. ಹೆಚ್ಚೇನಿಲ್ಲ, ಬೇಕಾದ್ದಕ್ಕಿಂತ ನಾಲ್ಕು ಜಾಸ್ತಿ."

ನಾಲ್ಕು. ತಂತಿಯ ಉತ್ತರ ಹೋಗಿದ್ದರೆ ಆ ನಾಲ್ಕು ಎಲ್ಲಿಗೂ ಸಾಲುತ್ತಿರಲಿಲ್ಲ. ನಾನು ಉಸಿರು ಬಿಟ್ಟದ್ದು ಅವಳಿಗೂ ಕೇಳಿಸಿರಬೇಕು.

"ಮೇಡಂ, ಅಳ್ತಿದ್ದೀರಾ?"

"ಇಲ್ಲ. ನಿನಗೆ ಈಗ ಕ್ಲಾಸಿಲ್ಲವಾ?"

"ಐತೆ. ಒಂಬತ್ತನೇ ಕ್ಲಾಸು. ಬೆಲ್ ಆಗಿ ಐದು ನಿಮಿಷ ಆಯ್ತು."

"ಮತ್ತೆ ಫೋನ್ ಹಿಡ್ಕೊಂಡು ಏನು ಮಾಡುತ್ತಿದ್ದೀಯ? ಓಡು."